ಎಸ್‌ಐಪಿಗೆ ಬಿಡುವೋ, ಪೂರ್ಣವಿರಾಮವೋ? ಕೊಂಡ ಯೂನಿಟ್‌ಗಳ ಗತಿಯೇನು?

ಮ್ಯೂಚುವಲ್ ಫಂಡ್ ಎಸ್‌ಐಪಿ ನಿಲ್ಲಿಸಲು ಹೊರಟವರಲ್ಲಿ ಎರಡು ತಪ್ಪು ತಿಳಿವಳಿಕೆ ಸಾಮಾನ್ಯ. ನಿಲ್ಲಿಸಿದ ಕೂಡಲೇ ಇದುವರೆಗೆ ಕಟ್ಟಿದ ಹಣ ಖಾತೆಗೆ ವಾಪಸ್ ಬರುತ್ತದೆ ಎಂಬುದು ಒಂದು. ಅರ್ಧಕ್ಕೆ ನಿಲ್ಲಿಸಿದರೆ ವಿಮೆ ಪಾಲಿಸಿಯಂತೆ ದಂಡ ಬಿದ್ದು, ಕಟ್ಟಿದ್ದರಲ್ಲಿ ಒಂದಿಷ್ಟು ಹೋಗಿಬಿಡುತ್ತದೆ ಎಂಬುದು ಇನ್ನೊಂದು. ಎರಡೂ ನಿಜವಲ್ಲ. ಎಸ್‌ಐಪಿ ಎಂಬುದು ಪ್ರತಿ ತಿಂಗಳು ಇಂತಿಷ್ಟು ಹಣಕ್ಕೆ ಯೂನಿಟ್ ಕೊಳ್ಳಿರಿ ಎಂದು ನೀವು ಕೊಟ್ಟ ಸೂಚನೆ, ಅಷ್ಟೇ. ಸೂಚನೆ ಹಿಂತೆಗೆದರೆ ಮುಂದಿನ ಖರೀದಿ ನಿಲ್ಲುತ್ತದೆ. ಹಿಂದೆ ಕೊಂಡದ್ದು ನಿಮ್ಮ ಫೋಲಿಯೊದಲ್ಲಿ, ಅಂದರೆ ಫಂಡ್ ಸಂಸ್ಥೆಯಲ್ಲಿರುವ ನಿಮ್ಮ ಖಾತೆಯಲ್ಲಿ, ಇದ್ದ ಹಾಗೇ ಇರುತ್ತದೆ.

ಹಾಗಾದರೆ ಸ್ವಲ್ಪ ಕಾಲ ತಡೆಹಿಡಿಯುವುದು ಮೇಲೋ, ಪೂರ್ತಿ ಮುಗಿಸುವುದು ಮೇಲೋ? ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಯಾವ ತಿಂಗಳಿಂದ ಮತ್ತೆ ಕಟ್ಟಬಲ್ಲಿರಿ ಎಂಬುದು ಖಚಿತವಾಗಿ ಗೊತ್ತಿದ್ದು, ಅದು ಮೂರು ತಿಂಗಳೊಳಗೆ ಇದ್ದರೆ ಮಾತ್ರ ತಡೆಹಿಡಿಯಿರಿ. ಗೊತ್ತಿಲ್ಲದಿದ್ದರೆ ಮುಗಿಸಿಬಿಡಿ. ಇದಕ್ಕೆ ಕಾರಣ ತಿಳಿಯಬೇಕಾದರೆ ಹಣ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದನ್ನು ಮೊದಲು ನೋಡಬೇಕು.

ಒಂದು ಎಸ್‌ಐಪಿ, ಎರಡು ಸೂಚನೆ

ಎಸ್‌ಐಪಿ ಶುರು ಮಾಡಿದ ದಿನ ನೀವು ಒಂದಲ್ಲ, ಎರಡು ಸೂಚನೆ ಕೊಟ್ಟಿರುತ್ತೀರಿ. ಮೊದಲನೆಯದು ಫಂಡ್ ಸಂಸ್ಥೆಗೆ: ಈ ಸ್ಕೀಮಿನಲ್ಲಿ, ಪ್ರತಿ ತಿಂಗಳು ಈ ತಾರೀಖಿಗೆ, ಇಷ್ಟು ರೂಪಾಯಿಗೆ ಯೂನಿಟ್ ಕೊಡಿ ಎಂದು. ಎರಡನೆಯದು ನಿಮ್ಮ ಬ್ಯಾಂಕಿಗೆ: ಆ ಸಂಸ್ಥೆ ಕೇಳಿದಾಗ, ಈ ಮಿತಿಯೊಳಗೆ, ನನ್ನ ಖಾತೆಯಿಂದ ಹಣ ಕೊಡಿ ಎಂದು. ಈ ಎರಡನೆಯದಕ್ಕೆ ಮ್ಯಾಂಡೇಟ್ ಎನ್ನುತ್ತಾರೆ. ಅದು ಎನ್‌ಪಿಸಿಐ ನಡೆಸುವ ನ್ಯಾಚ್ ವ್ಯವಸ್ಥೆಯಲ್ಲಿರಬಹುದು, ಇಲ್ಲವೇ ಯುಪಿಐ ಆಟೊಪೇ ಆಗಿರಬಹುದು. ನ್ಯಾಚ್ ಮ್ಯಾಂಡೇಟ್‌ಗೆ UMRN ಎಂಬ ಗುರುತಿನ ಸಂಖ್ಯೆ ಇರುತ್ತದೆ. ಬ್ಯಾಂಕಿನಲ್ಲಿ ವಿಚಾರಿಸುವಾಗ ಬೇಕಾಗುವುದು ಅದೇ.

ಒಂದೇ ಮ್ಯಾಂಡೇಟ್ ಮೇಲೆ ಹಲವು ಎಸ್‌ಐಪಿಗಳು ಓಡಬಹುದು. ತಿಂಗಳಿಗೆ 25,000 ರೂಪಾಯಿವರೆಗಿನ ಮ್ಯಾಂಡೇಟ್ ಕೊಟ್ಟವರು ಅದರ ಕೆಳಗೆ 5,000ದ ಎರಡು, 3,000ದ ಒಂದು ಎಸ್‌ಐಪಿ ನಡೆಸುತ್ತಿರಬಹುದು. ಎಡವಟ್ಟು ಆಗುವುದು ಇಲ್ಲೇ. ಒಂದು ಎಸ್‌ಐಪಿ ನಿಲ್ಲಿಸಬೇಕೆಂದು ನೆಟ್‌ಬ್ಯಾಂಕಿಂಗ್‌ಗೆ ಹೋಗಿ ಮ್ಯಾಂಡೇಟ್ ರದ್ದು ಮಾಡಿದರೆ ಮೂರೂ ನಿಂತುಹೋಗುತ್ತವೆ. ಮರದ ಒಂದು ಕೊಂಬೆ ತೆಗೆಯಲು ಬುಡಕ್ಕೇ ಕೊಡಲಿ ಹಾಕಿದ ಹಾಗೆ. ಅಷ್ಟೇ ಅಲ್ಲ, ಫಂಡ್ ಸಂಸ್ಥೆಗೆ ನೀವು ಏನೂ ಹೇಳಿರುವುದಿಲ್ಲ. ಅದರ ದಾಖಲೆಯಲ್ಲಿ ಎಸ್‌ಐಪಿ ಜೀವಂತವಾಗಿದೆ. ತಾರೀಖು ಬಂದಾಗ ಅದು ಹಣ ಕೇಳುತ್ತದೆ, ಬ್ಯಾಂಕ್ ಇಲ್ಲ ಎನ್ನುತ್ತದೆ, ಕಂತು ವಿಫಲವಾಯಿತು ಎಂದು ದಾಖಲಾಗುತ್ತದೆ.

ಯುಪಿಐ ಆಪ್‌ನಲ್ಲಿ ಕಾಣುವ Pause ಗುಂಡಿಯೂ ಇದೇ ಜಾತಿಯದು. ಆಟೊಪೇ ಪಟ್ಟಿ ತೆರೆದು ಅಲ್ಲಿ ಒತ್ತಿದರೆ ತಡೆಯಾಗುವುದು ಹಣ ಕೊಡುವ ಸೂಚನೆಯೇ ಹೊರತು ಎಸ್‌ಐಪಿ ಅಲ್ಲ. ಫಂಡ್ ಸಂಸ್ಥೆಯ ಪಾಲಿಗೆ ಅದು ಕಟ್ಟದೆ ತಪ್ಪಿಸಿದ ಕಂತು. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಎಸ್‌ಐಪಿಯನ್ನು ಅದು ನೋಂದಣಿಯಾದ ಜಾಗದಲ್ಲಿ ತಡೆಯಿರಿ ಅಥವಾ ಮುಗಿಸಿ. ಮ್ಯಾಂಡೇಟನ್ನು ಆಮೇಲೆ, ಅದರ ಕೆಳಗೆ ಬೇರೆ ಯಾವುದೂ ಓಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ, ಬೇಕಿದ್ದರೆ ಮಾತ್ರ ರದ್ದು ಮಾಡಿ. ಮ್ಯಾಂಡೇಟ್ ಸುಮ್ಮನೆ ಉಳಿದಿದ್ದರೆ ತೊಂದರೆಯೇನಿಲ್ಲ, ಅದರ ಮೇಲೆ ಎಸ್‌ಐಪಿ ಇಲ್ಲದೆ ತಿಂಗಳ ಹಣ ಕಡಿತವಾಗುವುದಿಲ್ಲ. ಮುಂದೆ ಮತ್ತೆ ಶುರು ಮಾಡುವಾಗ ಅದೇ ಕೆಲಸಕ್ಕೆ ಬರುತ್ತದೆ.

ತಡೆಹಿಡಿಯುವುದು: ಅನುಕೂಲಕ್ಕಿಂತ ಷರತ್ತು ಹೆಚ್ಚು

ತಡೆಹಿಡಿಯುವ ಸೌಲಭ್ಯ ಫಂಡ್ ಸಂಸ್ಥೆಗಳು ತಾವಾಗಿ ಕೊಡುವಂಥದು. ಹೀಗಾಗಿ ನಿಯಮ ಎಲ್ಲೆಡೆ ಒಂದೇ ಇಲ್ಲ. ಹಲವು ಕಡೆ ಒಂದರಿಂದ ಮೂರು ತಿಂಗಳು, ಕೆಲವು ಕಡೆ ಆರು ತಿಂಗಳವರೆಗೆ ಬಿಡುವು ಸಿಗುತ್ತದೆ. ಎಸ್‌ಐಪಿಯ ಇಡೀ ಅವಧಿಯಲ್ಲಿ ಒಂದು ಅಥವಾ ಎರಡೇ ಸಲ ಎಂದು ಮಿತಿ ಹಾಕುವವರಿದ್ದಾರೆ. ಕನಿಷ್ಠ ಇಷ್ಟು ಕಂತು ಕಟ್ಟಿರಬೇಕು ಎನ್ನುವವರೂ ಇದ್ದಾರೆ. ಕಂತಿನ ತಾರೀಖಿಗೆ ಇಷ್ಟು ದಿನ ಮೊದಲೇ ಕೋರಿಕೆ ಬರಬೇಕು ಎಂಬ ಷರತ್ತಂತೂ ಸಾಮಾನ್ಯ. ಇದೆಲ್ಲ ಎಸ್‌ಐಪಿ ಅರ್ಜಿಯ ಹಿಂಬದಿಯ ಸೂಚನೆಗಳಲ್ಲಿ, ಇಲ್ಲವೇ ಸ್ಕೀಮಿನ ಮಾಹಿತಿ ಪತ್ರದಲ್ಲಿ ಬರೆದಿರುತ್ತದೆ. ಷೇರು ವಿನಿಮಯ ಕೇಂದ್ರದ ವೇದಿಕೆ ಮೂಲಕ ಅಥವಾ ಹೂಡಿಕೆ ಆಪ್‌ಗಳ ಮೂಲಕ ನೋಂದಾಯಿಸಿದ ಎಸ್‌ಐಪಿಗಳಿಗೆ ಈ ಸೌಲಭ್ಯ ಕೆಲವೊಮ್ಮೆ ಸಿಗುವುದೇ ಇಲ್ಲ.

ತಡೆಹಿಡಿದ ಅವಧಿ ಮುಗಿದ ಮೇಲೆ ಏನಾಗುತ್ತದೆ ಎಂಬುದು ಇಲ್ಲಿ ಮುಖ್ಯ. ಎಸ್‌ಐಪಿ ತಾನಾಗಿ ಮತ್ತೆ ಶುರುವಾಗುತ್ತದೆ. ನೀವು ಹೂಂ ಎನ್ನುವ ಅಗತ್ಯವಿಲ್ಲ. ಮುಂದಿನ ತಿಂಗಳೇ ಸಂಬಳ ಬರುತ್ತದೆ ಎಂದಿದ್ದವರಿಗೆ ಇದು ವರ, ಇನ್ನೂ ಕೆಲಸ ಸಿಗದವರಿಗೆ ಇದೇ ಶಾಪ. ತಡೆ ಹಾಕಿದ್ದು ಮರೆತುಹೋಗಿರುತ್ತದೆ, ಖಾತೆಯಲ್ಲಿ ಹಣ ಇರುವುದಿಲ್ಲ, ನಾಲ್ಕನೇ ತಿಂಗಳು ಕಂತು ಬೌನ್ಸ್ ಆಗುತ್ತದೆ. ತಡೆ ಹಾಕಿದ ದಿನವೇ ಫೋನಿನ ಕ್ಯಾಲೆಂಡರಿನಲ್ಲಿ ಮರುಶುರುವಿನ ತಾರೀಖಿಗೆ ಹತ್ತು ದಿನ ಮೊದಲು ಒಂದು ನೆನಪು ಇಟ್ಟುಕೊಳ್ಳಿ. ಪರಿಸ್ಥಿತಿ ಸುಧಾರಿಸಿರದಿದ್ದರೆ ಅಂದೇ ಎಸ್‌ಐಪಿಯನ್ನು ಮುಗಿಸಲು ಸಮಯ ಇರುತ್ತದೆ.

ಬಿಟ್ಟುಹೋದ ಕಂತುಗಳನ್ನು ಆಮೇಲೆ ಒಟ್ಟಿಗೆ ವಸೂಲು ಮಾಡುತ್ತಾರೆಯೇ ಎಂದು ಸಾಲ ಕಟ್ಟಿ ಅಭ್ಯಾಸವಿರುವವರು ಕೇಳುವುದುಂಟು. ಇಲ್ಲ. ಆ ತಿಂಗಳುಗಳಲ್ಲಿ ನೀವು ಏನೂ ಕೊಳ್ಳಲಿಲ್ಲ, ಆದ್ದರಿಂದ ಯಾರಿಗೂ ಏನೂ ಬಾಕಿ ಇಲ್ಲ. ಬಡ್ಡಿಯೂ ಇಲ್ಲ, ದಂಡವೂ ಇಲ್ಲ.

ಮುಗಿಸುವುದು: ಅಂಜಬೇಕಾದ್ದಲ್ಲ

ಎಸ್‌ಐಪಿ ಮುಗಿಸಿದರೆ ಆ ನೋಂದಣಿ ರದ್ದಾಗುತ್ತದೆ. ಫೋಲಿಯೊ ಮುಚ್ಚುವುದಿಲ್ಲ. ನಾಮಿನಿ, ಬ್ಯಾಂಕ್ ಖಾತೆ, ಕೆವೈಸಿ ಯಾವುದೂ ಬದಲಾಗುವುದಿಲ್ಲ. ಆರು ತಿಂಗಳೋ ಎರಡು ವರ್ಷವೋ ಬಿಟ್ಟು ಮತ್ತೆ ಬೇಕೆನಿಸಿದರೆ ಅದೇ ಫೋಲಿಯೊ ಸಂಖ್ಯೆ ಕೊಟ್ಟು, ಹಳೆಯ ಮ್ಯಾಂಡೇಟ್ ಜೀವಂತವಿದ್ದರೆ ಅದನ್ನೇ ಆರಿಸಿ, ಹೊಸ ಎಸ್‌ಐಪಿ ಹಾಕಬಹುದು. ಆನ್‌ಲೈನಿನಲ್ಲಿ ಐದು ನಿಮಿಷದ ಕೆಲಸ. ಮುಗಿಸಲು ಶುಲ್ಕವಿಲ್ಲ, ಮರಳಿ ಶುರು ಮಾಡಲೂ ಇಲ್ಲ. ಗೊತ್ತಿಲ್ಲದಿದ್ದರೆ ಮುಗಿಸಿ ಎಂದು ಮೇಲೆ ಹೇಳಿದ್ದು ಇದಕ್ಕೇ: ಮರಳಿ ಬರುವ ಬಾಗಿಲಿಗೆ ಬೀಗ ಬೀಳುವುದಿಲ್ಲ, ನಿಮ್ಮನ್ನು ಕೇಳದೆ ತಾನಾಗಿ ತೆರೆದುಕೊಳ್ಳುವ ಬಾಗಿಲೂ ಅಲ್ಲ ಅದು.

ಎರಡು ಸಂದರ್ಭಗಳಲ್ಲಿ ಮಾತ್ರ ಮುಗಿಸುವ ಮುನ್ನ ಯೋಚಿಸಬೇಕು. ಕೆಲವು ಫಂಡ್ ಸಂಸ್ಥೆಗಳು ಎಸ್‌ಐಪಿ ಜೊತೆ ಉಚಿತ ಗುಂಪು ವಿಮೆ ಕೊಟ್ಟಿದ್ದವು. ಅಂಥದ್ದು ನಿಮಗಿದ್ದರೆ, ಮೂರು ವರ್ಷಕ್ಕೆ ಮೊದಲು ಎಸ್‌ಐಪಿ ನಿಲ್ಲಿಸಿದಲ್ಲಿ ವಿಮೆ ಹೋಗುವ ಷರತ್ತು ಇರುವ ಸಾಧ್ಯತೆ ಹೆಚ್ಚು. ಪತ್ರ ತೆಗೆದು ನೋಡಿ. ಇನ್ನೊಂದು, ವರ್ಷವರ್ಷ ಮೊತ್ತ ತಾನಾಗಿ ಏರುವ ಸ್ಟೆಪ್‌ಅಪ್ ಎಸ್‌ಐಪಿ. ಮುಗಿಸಿ ಹೊಸದು ಹಾಕಿದರೆ ಆ ಏರಿಕೆಯನ್ನು ಮತ್ತೆ ಹೊಸದಾಗಿ ಹೇಳಬೇಕು.

ನಿಲ್ಲಿಸಲು ಹೋದಾಗ ಕೆಲವು ಆಪ್‌ಗಳು ಅಡ್ಡ ನಿಲ್ಲುತ್ತವೆ. ಹೀಗೆ ನಿಲ್ಲಿಸಿದರೆ ಇಪ್ಪತ್ತು ವರ್ಷದಲ್ಲಿ ನೀವು ಇಷ್ಟು ಲಕ್ಷ ಕಳೆದುಕೊಳ್ಳುತ್ತೀರಿ ಎಂದು ಕೆಂಪಕ್ಷರದಲ್ಲಿ ತೋರಿಸುತ್ತವೆ. ಆ ಲೆಕ್ಕ ನೀವು ಇನ್ನೆಂದೂ ಹೂಡುವುದಿಲ್ಲ ಎಂದುಕೊಂಡು ಮಾಡಿದ್ದು. ಮೂರು ತಿಂಗಳ 5,000ದ ಕಂತು ಬಿಟ್ಟರೆ ಹೂಡದೆ ಉಳಿಯುವುದು 15,000 ರೂಪಾಯಿ. ವರ್ಷಕ್ಕೆ ಶೇ 10 ಬೆಳೆಯಿತು ಎಂದೇ ಇಟ್ಟುಕೊಂಡರೂ ಹತ್ತು ವರ್ಷದಲ್ಲಿ ಅದು ಸುಮಾರು 38,900 ಆಗುತ್ತಿತ್ತು. ಚಿಕ್ಕ ಮೊತ್ತವಲ್ಲ, ಆದರೆ ಕ್ರೆಡಿಟ್ ಕಾರ್ಡ್ ಬಾಕಿ ಉಳಿಸಿಕೊಂಡು ಎಸ್‌ಐಪಿ ಕಟ್ಟುವುದಕ್ಕಿಂತ ಮೊದಲು ಕಾರ್ಡ್ ಬಾಕಿ ತೀರಿಸುವುದೇ ಲಾಭ. ಕಾರ್ಡಿನ ಬಡ್ಡಿ ಫಂಡಿನ ಯಾವ ನಿರೀಕ್ಷೆಗಿಂತಲೂ ಬಹಳ ಮೇಲಿರುತ್ತದೆ.

ತಡೆ ಮತ್ತು ಮುಕ್ತಾಯಗಳ ನಡುವೆ ಮೂರನೆಯದೊಂದು ದಾರಿಯೂ ಉಂಟು: ಮೊತ್ತ ಇಳಿಸುವುದು. 5,000 ಭಾರವಾದರೆ 1,000ಕ್ಕೆ ತನ್ನಿ. ಮೊತ್ತ ಬದಲಿಸುವ ಆಯ್ಕೆ ಇಲ್ಲದ ಕಡೆ ಹಳೆಯದನ್ನು ಮುಗಿಸಿ, ಅದೇ ಫೋಲಿಯೊದಲ್ಲಿ ಚಿಕ್ಕದೊಂದನ್ನು ಹಾಕಿದರೆ ಫಲ ಒಂದೇ. ಕಂತಿನ ತಾರೀಖು ಸಂಬಳಕ್ಕೆ ಮೊದಲೇ ಬರುತ್ತಿದ್ದು ಅದೇ ತಲೆನೋವಾಗಿದ್ದರೆ ಇದೇ ನೆಪದಲ್ಲಿ ತಾರೀಖನ್ನೂ ಬದಲಿಸಿಕೊಳ್ಳಬಹುದು.

ಏನೂ ಮಾಡದೆ ಬಿಡುವುದು

ಖಾತೆಯಲ್ಲಿ ಹಣ ಇಡದಿದ್ದರೆ ತಾನಾಗಿ ನಿಲ್ಲುತ್ತದಲ್ಲ ಎನ್ನುವವರಿದ್ದಾರೆ. ನಿಲ್ಲುವುದೇನೋ ಹೌದು. ಮಾಸಿಕ ಎಸ್‌ಐಪಿಯಲ್ಲಿ ಸತತ ಮೂರು ಕಂತು ವಿಫಲವಾದರೆ ಫಂಡ್ ಸಂಸ್ಥೆ ಅದನ್ನು ರದ್ದು ಮಾಡಬೇಕು. ತ್ರೈಮಾಸಿಕದಂಥ ದೀರ್ಘ ಅಂತರದ್ದಾದರೆ ಎರಡೇ ಸಲ. ಆದರೆ ಆ ಮೂರು ಸಲವೂ ಖಾತೆಯಲ್ಲಿ ಹಣ ಸಾಲದೆ ಕಂತು ವಾಪಸಾದುದಕ್ಕೆ ನಿಮ್ಮ ಬ್ಯಾಂಕ್ ಶುಲ್ಕ ಹಾಕಬಹುದು. ಪ್ರತಿ ಸಲಕ್ಕೂ ನೂರಾರು ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ. ದರ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ಶುಲ್ಕಪಟ್ಟಿಯಲ್ಲಿ ನ್ಯಾಚ್ ವಾಪಸಾತಿ ಎಂಬ ಸಾಲಿನಲ್ಲಿ ಇರುತ್ತದೆ. ಫಂಡ್ ಸಂಸ್ಥೆ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ, ಈ ಹಣ ಪೂರ್ತಿ ಬ್ಯಾಂಕಿಗೆ ಹೋಗುತ್ತದೆ. 1,000 ರೂಪಾಯಿಯ ಎಸ್‌ಐಪಿ ಮೂರು ಸಲ ಬೌನ್ಸ್ ಆದರೆ ಶುಲ್ಕವೇ ಒಂದು ಕಂತಿನಷ್ಟಾಗುವುದು ಉಂಟು. ಉಚಿತವಾಗಿ ಆಗುವ ಕೆಲಸಕ್ಕೆ ಹೀಗೆ ದುಡ್ಡು ಸುರಿಯಬೇಕಾಗಿಲ್ಲ.

ಕೊಂಡ ಯೂನಿಟ್‌ಗಳು

ನಿಲ್ಲಿಸಿದ ಮೇಲೆ ಫೋಲಿಯೊದಲ್ಲಿನ ಯೂನಿಟ್‌ಗಳ ಸಂಖ್ಯೆ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಅವುಗಳ ಬೆಲೆ, ಅಂದರೆ ಎನ್‌ಎವಿ, ಎಂದಿನಂತೆ ಮಾರುಕಟ್ಟೆಯ ಜೊತೆ ಏರಿ ಇಳಿಯುತ್ತಿರುತ್ತದೆ. ಫಂಡಿನ ನಿರ್ವಹಣಾ ವೆಚ್ಚವನ್ನು ಎನ್‌ಎವಿ ಲೆಕ್ಕ ಹಾಕುವಾಗಲೇ ಕಳೆಯುವುದರಿಂದ ಅದು ಮುಂದುವರಿಯುತ್ತದೆ. ಬೇರೆ ಬಾಡಿಗೆ, ಕಾವಲು ಶುಲ್ಕ ಎಂದೇನೂ ಫೋಲಿಯೊಗೆ ಬೀಳುವುದಿಲ್ಲ. ಡಿಮ್ಯಾಟ್ ಖಾತೆಯಲ್ಲಿ ಇಟ್ಟವರಿಗೆ ಮಾತ್ರ ಆ ಖಾತೆಯ ವಾರ್ಷಿಕ ಶುಲ್ಕ ಇರಬಹುದು.

ಯೂನಿಟ್ ಮಾರಿ ಹಣ ಪಡೆಯುವುದು ಬೇರೆಯೇ ತೀರ್ಮಾನ, ಬೇರೆಯೇ ಕೋರಿಕೆ. ಅದಕ್ಕೆ ರಿಡಂಪ್ಷನ್ ಎನ್ನುತ್ತಾರೆ. ಎಸ್‌ಐಪಿ ನಿಲ್ಲಿಸದೆಯೂ ಮಾರಬಹುದು, ನಿಲ್ಲಿಸಿ ಹತ್ತು ವರ್ಷ ಮಾರದೆಯೂ ಇರಬಹುದು. ಹಣ ಬೇಕಾಗಿದೆ ಎಂದು ಎಸ್‌ಐಪಿ ನಿಲ್ಲಿಸಿ ಖಾತೆಗೆ ಎಷ್ಟು ಬಂತು ಎಂದು ಕಾಯುತ್ತ ಕೂತವರು ಇದ್ದಾರೆ, ಹಾಗೆಯೇ ಯೂನಿಟ್ ಎಲ್ಲ ಮಾರಿದೆನಲ್ಲ, ಎಸ್‌ಐಪಿಯೂ ನಿಂತಿರುತ್ತದೆ ಎಂದು ಸುಮ್ಮನಿದ್ದು, ಮುಂದಿನ ತಿಂಗಳು ಮತ್ತೆ ಹಣ ಕಡಿತವಾದಾಗ ಬೆಚ್ಚಿಬಿದ್ದವರೂ ಇದ್ದಾರೆ.

ಮಾರುವಾಗ ಗಮನದಲ್ಲಿರಬೇಕಾದ್ದು ಒಂದೇ ಸಂಗತಿ: ಎಸ್‌ಐಪಿಯ ಪ್ರತಿ ಕಂತೂ ಪ್ರತ್ಯೇಕ ಖರೀದಿ, ಪ್ರತಿಯೊಂದಕ್ಕೂ ಅದರದೇ ಹುಟ್ಟಿದ ದಿನ. ಬೇಗ ಮಾರಿದರೆ ಮುರಿದುಕೊಳ್ಳುವ ಎಕ್ಸಿಟ್ ಲೋಡ್ ಆಗಲಿ, ತೆರಿಗೆಯಾಗಲಿ, ಇಂತಿಷ್ಟು ಕಾಲ ಮಾರಲು ಬಿಡದ ಲಾಕ್‌ಇನ್ ಆಗಲಿ ಎಣಿಕೆಯಾಗುವುದು ಆಯಾ ಕಂತಿನ ಯೂನಿಟ್ ಜಮೆಯಾದ ದಿನದಿಂದ, ಎಸ್‌ಐಪಿ ಶುರುವಾದ ದಿನದಿಂದ ಅಲ್ಲ. ಮಾರಾಟದಲ್ಲಿ ಮೊದಲು ಕೊಂಡದ್ದೇ ಮೊದಲು ಹೋಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಶಿವಮೊಗ್ಗದ ಒಬ್ಬ ಅತಿಥಿ ಉಪನ್ಯಾಸಕಿ ಎಂದಿಟ್ಟುಕೊಳ್ಳಿ. 2024ರ ಜನವರಿಯಿಂದ ಪ್ರತಿ ತಿಂಗಳು 10ನೇ ತಾರೀಖು ಒಂದು ಈಕ್ವಿಟಿ ಫಂಡಿನಲ್ಲಿ 5,000 ರೂಪಾಯಿ ಹಾಕುತ್ತಿದ್ದರು. 2025ರ ಜೂನ್ ಹೊತ್ತಿಗೆ 18 ಕಂತು, 90,000 ರೂಪಾಯಿ. ಆ ಫಂಡಿನಲ್ಲಿ ಒಂದು ವರ್ಷದೊಳಗೆ ಮಾರಿದರೆ ಶೇ 1 ಎಕ್ಸಿಟ್ ಲೋಡ್. ಹೊಸ ಶೈಕ್ಷಣಿಕ ವರ್ಷದ ನೇಮಕ ತಡವಾಗಿ ಸಂಬಳ ನಿಂತಿತು. ಮನೆಯ ಖರ್ಚಿಗೆ 40,000 ಬೇಕಾಯಿತು. ಜೂನ್ 20ರಂದು ಎನ್‌ಎವಿ 60 ರೂಪಾಯಿ ಎಂದುಕೊಳ್ಳೋಣ. ಎನ್‌ಎವಿಗಳೆಲ್ಲ ಲೆಕ್ಕ ಸುಲಭವಾಗಲೆಂದು ನಾವು ಊಹಿಸಿದವು. ಪ್ರತಿ ಖರೀದಿಯಲ್ಲಿ ಮುರಿಯುವ ಶೇ 0.005 ಮುದ್ರಾಂಕ ಶುಲ್ಕವನ್ನು, ಅಂದರೆ 5,000ಕ್ಕೆ 25 ಪೈಸೆಯನ್ನು, ಇಲ್ಲಿ ಬಿಟ್ಟಿದ್ದೇವೆ.

2024ರ ಜನವರಿಯಿಂದ ಜೂನ್‌ವರೆಗಿನ ಆರು ಕಂತುಗಳಿಗೆ ಆಗಲೇ ವರ್ಷ ತುಂಬಿದೆ. ಆ 30,000ಕ್ಕೆ ಸರಾಸರಿ 50ರ ಎನ್‌ಎವಿಯಲ್ಲಿ 600 ಯೂನಿಟ್ ಬಂದಿದ್ದವು. ಈಗ ಅವುಗಳ ಬೆಲೆ 36,000. ಎಕ್ಸಿಟ್ ಲೋಡ್ ಇಲ್ಲ. 6,000 ಲಾಭ ದೀರ್ಘಾವಧಿಯದು. 2024ರ ಜುಲೈ 23ರ ನಂತರದ ಮಾರಾಟಕ್ಕೆ ಈಕ್ವಿಟಿ ಫಂಡಿನ ದೀರ್ಘಾವಧಿ ಲಾಭದ ತೆರಿಗೆ ಶೇ 12.5, ಅದೂ ಆ ಹಣಕಾಸು ವರ್ಷದಲ್ಲಿ ಇಂಥ ಲಾಭ ಎಲ್ಲ ಸೇರಿ 1.25 ಲಕ್ಷ ದಾಟಿದ ಭಾಗಕ್ಕೆ ಮಾತ್ರ. ಅವರಿಗೆ ತೆರಿಗೆ ಸೊನ್ನೆ.

ಉಳಿದ 4,000ಕ್ಕೆ 2024ರ ಜುಲೈ ಕಂತಿಗೆ ಕೈ ಹಾಕಬೇಕು. ಅದು 54ರಲ್ಲಿ ಕೊಂಡದ್ದು, ವರ್ಷ ತುಂಬಲು ಇನ್ನೂ ಮೂರು ವಾರ ಬಾಕಿ. 66.67 ಯೂನಿಟ್ ಮಾರಿದರೆ 4,000, ಅದರಲ್ಲಿ ಎಕ್ಸಿಟ್ ಲೋಡ್ 40 ರೂಪಾಯಿ. ಕೈಗೆ 3,960, ಕೊಂಡ ಬೆಲೆ 3,600, ಅಲ್ಪಾವಧಿ ಲಾಭ 360. ಅದಕ್ಕೆ ಶೇ 20 ಎಂದರೆ 72, ಸೆಸ್ ಸೇರಿ ಸುಮಾರು 75. ಮೂರು ವಾರ ಕಾಯದಿದ್ದುದಕ್ಕೆ ಒಟ್ಟು ವೆಚ್ಚ 115 ರೂಪಾಯಿ. ಮನೆ ಬಾಡಿಗೆ ಬಾಕಿಯಿರುವಾಗ ಇಷ್ಟಕ್ಕೆ ಕಾಯಬೇಕಾಗಿಲ್ಲ.

ಗಾಬರಿಯಲ್ಲಿ ಅವರು 18 ಕಂತನ್ನೂ ಮಾರಿದ್ದರೆ ಚಿತ್ರ ಬೇರೆ. ವರ್ಷ ತುಂಬದ ಹನ್ನೆರಡು ಕಂತು, 60,000 ರೂಪಾಯಿ, ಸರಾಸರಿ 56ರಲ್ಲಿ ಕೊಂಡದ್ದು ಎಂದರೆ ಸುಮಾರು 1,071 ಯೂನಿಟ್, ಬೆಲೆ 64,286. ಎಕ್ಸಿಟ್ ಲೋಡ್ 643, ಸೆಸ್ ಸೇರಿ ತೆರಿಗೆ ಸುಮಾರು 758. ಹೆಚ್ಚುಕಡಿಮೆ 1,400 ರೂಪಾಯಿ ಬೇಡದ ಮಾರಾಟಕ್ಕೆ ಹೋಯಿತು. ಬೇಕಾದಷ್ಟನ್ನೇ ಮಾರಿ, ಉಳಿದದ್ದನ್ನು ಬಿಟ್ಟರೆ ತಿಂಗಳು ಕಳೆದಂತೆ ಒಂದೊಂದೇ ಕಂತು ವರ್ಷ ತುಂಬಿಸಿಕೊಂಡು ಹೊರಬರುತ್ತದೆ.

ಅವರ ಎಸ್‌ಐಪಿಯ ವಿಷಯ? ನೇಮಕಾತಿ ಆದೇಶ ಯಾವಾಗ ಬರುತ್ತದೆ ಎಂದು ಯಾರಿಗೂ ಗೊತ್ತಿಲ್ಲದ್ದರಿಂದ ಅವರು ಮುಗಿಸುವುದೇ ಸರಿ. ಅದೇ ಕಾಲೇಜಿನ ಕಾಯಂ ನೌಕರರೊಬ್ಬರು ಮಗಳ ಹಾಸ್ಟೆಲ್ ಶುಲ್ಕಕ್ಕಾಗಿ ಜುಲೈ, ಆಗಸ್ಟ್ ಎರಡು ಕಂತು ಬಿಡಬೇಕಾದರೆ ಅವರಿಗೆ ತಡೆಹಿಡಿಯುವುದೇ ಸರಿ. ಮೊತ್ತ ಒಂದೇ, ಫಂಡ್ ಒಂದೇ, ಉತ್ತರ ಬೇರೆ.

ತೆರಿಗೆ ಉಳಿಸುವ ಇಎಲ್‌ಎಸ್‌ಎಸ್ ಫಂಡುಗಳಲ್ಲಿ ಪ್ರತಿ ಕಂತಿಗೂ ಮೂರು ವರ್ಷ ಲಾಕ್‌ಇನ್. ಎಸ್‌ಐಪಿ ನಿಲ್ಲಿಸಲು ಅಡ್ಡಿಯಿಲ್ಲ, ಆದರೆ 2025ರ ಜೂನ್ ಕಂತಿನ ಯೂನಿಟ್ 2028ರ ಜೂನ್‌ವರೆಗೆ ಅಲುಗುವುದಿಲ್ಲ. ಹೊಸ ತೆರಿಗೆ ಪದ್ಧತಿಗೆ ಬದಲಾದವರಿಗೆ ಈ ಹೂಡಿಕೆಗೆ ತೆರಿಗೆ ವಿನಾಯಿತಿಯೇ ಸಿಗುವುದಿಲ್ಲ. ಆ ಲಾಭಕ್ಕೆಂದೇ ಇಎಲ್‌ಎಸ್‌ಎಸ್ ಎಸ್‌ಐಪಿ ಹಾಕಿದ್ದವರು ಅದನ್ನು ಮುಗಿಸಿ, ಅದೇ ಹಣವನ್ನು ಲಾಕ್‌ಇನ್ ಇಲ್ಲದ ಫಂಡಿಗೆ ತಿರುಗಿಸುವುದು ಜಾಣತನ. 2023ರ ಏಪ್ರಿಲ್ 1ರಿಂದೀಚೆಗೆ ಕೊಂಡ ಡೆಟ್ ಫಂಡ್ ಯೂನಿಟ್‌ಗಳ ಲಾಭ ಎಷ್ಟು ವರ್ಷ ಇಟ್ಟರೂ ನಿಮ್ಮ ಆದಾಯದ ಸ್ಲ್ಯಾಬ್ ದರಕ್ಕೇ ಸೇರುತ್ತದೆ. ಹಾಗಾಗಿ ತೆರಿಗೆ ದರ ಇಳಿಯಲೆಂದು ಅಲ್ಲಿ ಕಾಯುವುದರಲ್ಲಿ ಅರ್ಥವಿಲ್ಲ. ಒಂದು ಫಂಡಿನಿಂದ ಇನ್ನೊಂದಕ್ಕೆ ಸ್ವಿಚ್ ಮಾಡಿದರೂ ತೆರಿಗೆಯ ಕಣ್ಣಿಗೆ ಅದು ಮಾರಾಟವೇ. ಹಣ ನಿಮ್ಮ ಖಾತೆಗೆ ಬರಲಿಲ್ಲ ಎಂಬ ವಾದ ನಡೆಯುವುದಿಲ್ಲ.

ನಿಲ್ಲಿಸುವ ಕೆಲಸ

ಶುರು ಮಾಡಿದ ಜಾಗದಲ್ಲೇ ನಿಲ್ಲಿಸಿ ಎಂಬುದು ಮೊದಲ ನಿಯಮ. ಫಂಡ್ ಸಂಸ್ಥೆಯ ಜಾಲತಾಣದಲ್ಲಿ ಹಾಕಿದ್ದರೆ ಅಲ್ಲಿ, ಆಪ್‌ನಲ್ಲಿ ಹಾಕಿದ್ದರೆ ಆ ಆಪ್‌ನಲ್ಲಿ, ವಿತರಕರ ಮೂಲಕ ಅರ್ಜಿ ತುಂಬಿದ್ದರೆ ಅವರ ಮೂಲಕ ಅಥವಾ ನೇರ ಫಂಡ್ ಸಂಸ್ಥೆಗೆ. ಎಲ್ಲಿ ಹಾಕಿದ್ದು ಎಂಬುದೇ ಮರೆತಿದ್ದರೆ ಖಾತೆ ವಿವರಣೆ ತೆಗೆದು ಕಂತಿನ ಸಾಲು ನೋಡಿ. ವಿನಿಮಯ ಕೇಂದ್ರದ ಮೂಲಕ ಬಂದ ಕಂತುಗಳ ಪಕ್ಕ BSE ಅಥವಾ NSE ಎಂಬ ಗುರುತು ಹಲವು ಬಾರಿ ಕಾಣುತ್ತದೆ. ಕಾಗದದಲ್ಲೇ ಕೊಡುವುದಾದರೆ ಫಂಡ್ ಸಂಸ್ಥೆಯ ಶಾಖೆಗೆ, ಇಲ್ಲವೇ ಅದರ ದಾಖಲೆ ನೋಡಿಕೊಳ್ಳುವ ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ಸೇವಾ ಕೇಂದ್ರಕ್ಕೆ ಕೊಟ್ಟು, ಮೊಹರು ಮತ್ತು ಸಮಯ ಬಿದ್ದ ಸ್ವೀಕೃತಿ ತಪ್ಪದೆ ಪಡೆಯಿರಿ. ಅರ್ಜಿಯಲ್ಲಿ ಫೋಲಿಯೊ ಸಂಖ್ಯೆ, ಸ್ಕೀಮಿನ ಪೂರ್ತಿ ಹೆಸರು, ಕಂತಿನ ತಾರೀಖು ಮತ್ತು ಮೊತ್ತ ಬರೆಯಬೇಕು. ಒಂದೇ ಸ್ಕೀಮಿನಲ್ಲಿ 5ಕ್ಕೊಂದು, 20ಕ್ಕೊಂದು ಎಸ್‌ಐಪಿ ಇಟ್ಟುಕೊಂಡವರು ತಾರೀಖು ಬರೆಯದೆ ಬಿಟ್ಟರೆ ಬೇಡದ್ದು ನಿಂತು ಬೇಕಾದ್ದು ನಿಲ್ಲದೆ ಹೋಗುತ್ತದೆ. ಸ್ಟೆಪ್‌ಅಪ್ ಇದ್ದರೆ ಮೊತ್ತವೂ ಶುರುವಿನದ್ದಲ್ಲ, ಏರಿದ ಮೇಲಿನದ್ದು ಎಂಬುದು ನೆನಪಿರಲಿ. ಫೋಲಿಯೊ ಜಂಟಿಯಾಗಿದ್ದರೆ ಎಲ್ಲರ ಸಹಿ ಬೇಕೇ, ಯಾರಾದರೂ ಒಬ್ಬರದ್ದು ಸಾಕೇ ಎಂಬುದು ಫೋಲಿಯೊ ತೆರೆದಾಗ ಆರಿಸಿದ ಕ್ರಮದ ಮೇಲೆ ನಿಂತಿದೆ.

ಎಷ್ಟು ಮೊದಲು ಕೊಡಬೇಕು? 2024ರ ಡಿಸೆಂಬರ್ 1ರಿಂದ ರದ್ದತಿ ಕೋರಿಕೆಯನ್ನು ಫಂಡ್ ಸಂಸ್ಥೆ ಎರಡು ಕೆಲಸದ ದಿನಗಳೊಳಗೆ ಮುಗಿಸಬೇಕು. ಮೊದಲು ಇದಕ್ಕೆ ಹತ್ತು ಕೆಲಸದ ದಿನ ಹಿಡಿಯುತ್ತಿತ್ತು. ಇಲ್ಲಿ ಎಣಿಸಬೇಕಾದ್ದು ಕೆಲಸದ ದಿನ. 10ನೇ ತಾರೀಖು ಸೋಮವಾರ ಬಂದರೆ 7ರ ಶುಕ್ರವಾರ ಸಂಜೆ ಕೊಟ್ಟ ಕೋರಿಕೆ ಶನಿವಾರ, ಭಾನುವಾರಗಳಲ್ಲಿ ಸುಮ್ಮನೆ ಕೂತಿರುತ್ತದೆ. ಜೊತೆಗೆ, ಹಣ ಕೇಳುವ ಕಡತ ಕಂತಿನ ದಿನಕ್ಕೆ ಮೊದಲೇ ಬ್ಯಾಂಕಿಗೆ ಹೊರಟಿರುತ್ತದೆ. ಒಮ್ಮೆ ಹೊರಟದ್ದನ್ನು ವಾಪಸ್ ಕರೆಯುವುದು ಕಷ್ಟ. ನಿಯಮ ಏನೇ ಇರಲಿ, ಹತ್ತು ದಿನ ಮೊದಲು ಕೊಡುವುದು ಕ್ಷೇಮ. ತಡವಾಗಿಬಿಟ್ಟರೆ ಆ ಒಂದು ಕಂತಿಗೆ ಖಾತೆಯಲ್ಲಿ ಹಣ ಇಟ್ಟುಬಿಡಿ. ಬೌನ್ಸ್ ಶುಲ್ಕ ಉಳಿಯುತ್ತದೆ, ಬಂದ ಯೂನಿಟ್ ನಿಮ್ಮದೇ.

ನಿಂತಿತೇ ಎಂದು ತಿಳಿಯುವುದು ಹೇಗೆ? ಕೋರಿಕೆ ಸ್ವೀಕರಿಸಲಾಗಿದೆ ಎಂಬ ಸಂದೇಶವನ್ನು ನಂಬಿ ಕೂರಬೇಡಿ. ರದ್ದಾಗಿದೆ ಎಂದು ಹೇಳುವ ಎರಡನೇ ಸಂದೇಶ ಬರಬೇಕು. ಬಂದ ಮೇಲೂ ಒಮ್ಮೆ ಲಾಗಿನ್ ಆಗಿ ಎಸ್‌ಐಪಿ ಪಟ್ಟಿಯಲ್ಲಿ ಸ್ಥಿತಿ Cancelled ಅಥವಾ Ceased ಎಂದಿದೆಯೇ ನೋಡಿ. ತಡೆಹಿಡಿದಿದ್ದರೆ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂಬುದನ್ನೂ ನೋಡಿಕೊಳ್ಳಿ. ಕೋರಿಕೆ ತಡವಾಗಿದ್ದರೆ ನೀವು ಜುಲೈಗೆ ಎಂದುಕೊಂಡ ಬಿಡುವು ಆಗಸ್ಟ್‌ನಿಂದ ಶುರುವಾಗಿರುತ್ತದೆ. ಯುಪಿಐ ಆಟೊಪೇ ಇದ್ದವರಿಗೆ ಇನ್ನೊಂದು ಸುಳಿವು ಸಿಗುತ್ತದೆ: ಹಣ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಮುನ್ಸೂಚನೆಯ ಸಂದೇಶ ಬರಬೇಕು. ನಿಲ್ಲಿಸಿದ ಮೇಲೂ ಅದು ಬಂದರೆ ಏನೋ ಉಳಿದುಕೊಂಡಿದೆ ಎಂದರ್ಥ. ಆಗ ಮಾತ್ರ ಆಪ್‌ನಲ್ಲಿ ಮ್ಯಾಂಡೇಟನ್ನೇ ತಡೆಯಲು ಅಡ್ಡಿಯಿಲ್ಲ.

ಸಮಯಕ್ಕೆ ಕೊಟ್ಟ ಕೋರಿಕೆಯ ನಂತರವೂ ಹಣ ಹೋದರೆ ಸ್ವೀಕೃತಿ, ಬ್ಯಾಂಕ್ ವಿವರಣೆಯ ಸಾಲು ಎರಡನ್ನೂ ಹಚ್ಚಿ ಫಂಡ್ ಸಂಸ್ಥೆಯ ಹೂಡಿಕೆದಾರರ ಸಂಪರ್ಕ ಅಧಿಕಾರಿಗೆ ಬರೆಯಿರಿ. ಆ ಕಂತನ್ನು ರದ್ದು ಮಾಡಿ ಹಣ ಹಿಂತಿರುಗಿಸಿ ಎಂದೇ ಸ್ಪಷ್ಟವಾಗಿ ಕೇಳಿ. ನೀವೇ ಮಾರಿಕೊಂಡು ಸರಿಪಡಿಸಲು ಹೋಗಬೇಡಿ. ಮಾರಿದರೆ ಹಳೆಯ ಕಂತಿನ ಯೂನಿಟ್ ಹೋಗುತ್ತದೆಯೇ ಹೊರತು ತಪ್ಪಿ ಬಂದ ಯೂನಿಟ್ ಅಲ್ಲ, ಲೆಕ್ಕ ಇನ್ನಷ್ಟು ಗೋಜಲಾಗುತ್ತದೆ. ಉತ್ತರ ತೃಪ್ತಿಕರವಾಗಿರದಿದ್ದರೆ ಸೆಬಿಯ scores.sebi.gov.in ತಾಣದಲ್ಲಿ ದೂರು ದಾಖಲಿಸಬಹುದು. ಅಲ್ಲಿ ದಾಖಲಾದ ದೂರಿಗೆ ಸಂಸ್ಥೆ 21 ದಿನದೊಳಗೆ ಉತ್ತರ ಕೊಡಬೇಕು.

ನಿಲ್ಲಿಸಿದ ಫೋಲಿಯೊ ಮೇಲೆ ವರ್ಷಕ್ಕೊಮ್ಮೆಯಾದರೂ ಕಣ್ಣು ಹಾಯಿಸಿ. ತಿಂಗಳ ಕಂತು ಹೋಗುತ್ತಿದ್ದಾಗ ಅದೇ ನೆನಪಿಸುತ್ತಿತ್ತು, ನಿಂತ ಮೇಲೆ ನೆನಪಿಸುವವರು ಯಾರೂ ಇಲ್ಲ. ಮೊಬೈಲ್ ಸಂಖ್ಯೆ ಬದಲಾಗುತ್ತದೆ, ಮೊದಲ ಕೆಲಸದ ಸಂಬಳ ಖಾತೆ ಮುಚ್ಚುತ್ತದೆ, ಹತ್ತು ವರ್ಷ ಬಿಟ್ಟು ಮಾರಲು ಹೋದಾಗ ಹಣ ಹೋಗಬೇಕಾದ ಖಾತೆಯೇ ಇರುವುದಿಲ್ಲ. ದುಬೈಗೋ ಅಮೆರಿಕಕ್ಕೋ ಹೋದವರು ಎಸ್‌ಐಪಿ ಮುಗಿಸಿದರಷ್ಟೇ ಸಾಲದು, ಉಳಿದ ಯೂನಿಟ್‌ಗಳ ಫೋಲಿಯೊದಲ್ಲಿ ತಾವು ಅನಿವಾಸಿ ಎಂಬುದನ್ನು ದಾಖಲಿಸಿ, ಹಳೆಯ ಉಳಿತಾಯ ಖಾತೆಯ ಬದಲು ಎನ್‌ಆರ್‌ಒ ಖಾತೆ ಜೋಡಿಸಬೇಕು. ಹೂಡಿಕೆದಾರರಿಂದ ಹತ್ತು ವರ್ಷ ಯಾವ ವ್ಯವಹಾರವೂ ನಡೆಯದ ಫೋಲಿಯೊಗಳನ್ನು ಹುಡುಕಲು ಸೆಬಿ 2025ರಲ್ಲಿ ಮಿತ್ರ ಎಂಬ ವೇದಿಕೆಗೆ ದಾರಿ ಮಾಡಿತು. ಅಪ್ಪನೋ ಅಮ್ಮನೋ ಎಂದೋ ನಿಲ್ಲಿಸಿ ಮರೆತ ಎಸ್‌ಐಪಿಯ ಯೂನಿಟ್‌ಗಳು ಇವೆಯೇ ಎಂಬ ಅನುಮಾನವಿದ್ದರೆ ಪ್ಯಾನ್ ಸಂಖ್ಯೆ ಹಿಡಿದು ಮೊದಲು ನೋಡಬೇಕಾದ ಜಾಗ ಅದು.